ಎರಡನೇ ಗೆರೆ ಮಸುಕಾಗಿದೆಯಾ? ಪ್ರೆಗ್ನೆನ್ಸಿ ಕಾರ್ಡ್ ಓದುವುದು ಮತ್ತು ಅನುಮಾನ ಬಗೆಹರಿಸಿಕೊಳ್ಳುವುದು ಹೇಗೆ

ಜೂನ್ 29ರ ಬೆಳಿಗ್ಗೆ ಆರೂಕಾಲಿಗೆ ತಂಗಿ ಒಂದು ಫೋಟೊ ಕಳಿಸಿದ್ದಳು. ಬಚ್ಚಲುಮನೆಯ ಕಿಟಕಿ ಕಟ್ಟೆಯ ಮೇಲೆ ಪ್ರೆಗ್ನೆನ್ಸಿ ಕಾರ್ಡ್. ಸಿ ಅಕ್ಷರದ ಹತ್ತಿರ ಗಾಢ ಗೆರೆ, ಟಿ ಅಕ್ಷರದ ಹತ್ತಿರ ಕಂಡೂ ಕಾಣದ ಹಾಗೆ ಇನ್ನೊಂದು. ಕೆಳಗೆ ಒಂದೇ ಸಾಲು: "ಅಕ್ಕ, ಇದು ಇದೆಯಾ, ಇಲ್ವಾ?"

ನಾನು ತಾಲ್ಲೂಕು ಕೇಂದ್ರದ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಇಂಥ ಫೋಟೊ ನನಗೆ ವಾರಕ್ಕೊಂದಾದರೂ ಬರುತ್ತದೆ. ನಾನು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಗೆರೆ ಕಂಡದ್ದು ಎಷ್ಟು ಹೊತ್ತಿಗೆ? ತಂಗಿ ಹಿಂದಿನ ರಾತ್ರಿ ಹತ್ತು ಗಂಟೆಗೆ ಟೆಸ್ಟ್ ಮಾಡಿದ್ದಳು. ಐದು ನಿಮಿಷಕ್ಕೆ ನೋಡಿದಾಗ ಇದ್ದದ್ದು ಒಂದೇ ಗೆರೆ. ಬೇಜಾರಾಗಿ ಅಲ್ಲೇ ಇಟ್ಟು ಮಲಗಿದ್ದಳು. ಬೆಳಿಗ್ಗೆ ಎದ್ದು ನೋಡಿದರೆ ಎರಡು. ಅಂದರೆ ಎಂಟು ಗಂಟೆ ಹಳೆಯ ಕಾರ್ಡ್. "ಅದನ್ನು ಎಸೆದುಬಿಡು, ಅದು ಹೌದು ಅಂತಲೂ ಹೇಳ್ತಿಲ್ಲ, ಇಲ್ಲ ಅಂತಲೂ ಹೇಳ್ತಿಲ್ಲ" ಅಂದೆ. ಅವಳಿಗೆ ಸಿಟ್ಟು ಬಂತು. ಯಾಕೆ ಹಾಗೆ ಹೇಳಿದೆ, ಆಮೇಲೆ ಏನು ಮಾಡಿದೆವು ಅನ್ನುವುದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ.

ಕಾರ್ಡಿನೊಳಗೆ ಏನಾಗುತ್ತದೆ

ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿಕೊಂಡ ಮೇಲೆ ಎಚ್‌ಸಿಜಿ ಅನ್ನುವ ಹಾರ್ಮೋನ್ ರಕ್ತಕ್ಕೆ ಸೇರಲು ಶುರುವಾಗುತ್ತದೆ. ಅಲ್ಲಿಂದ ಮೂತ್ರಕ್ಕೆ ಬರುತ್ತದೆ. ಅಂಡ ಬಿಡುಗಡೆಯಾದ 6ರಿಂದ 12 ದಿನದೊಳಗೆ ಈ ಅಂಟಿಕೊಳ್ಳುವಿಕೆ ನಡೆಯುತ್ತದೆ. ಅದಕ್ಕೂ ಮೊದಲು ಯಾವ ಕಾರ್ಡಿಗೂ ಏನೂ ಸಿಗುವುದಿಲ್ಲ.

ಕಾರ್ಡಿನ ಬಾವಿಗೆ ಮೂತ್ರದ ಹನಿ ಹಾಕಿದಾಗ ಅದು ಒಂದು ಪಟ್ಟಿಯ ಮೂಲಕ ಹರಿಯುತ್ತದೆ. ದಾರಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳಿರುತ್ತವೆ. ನಿಜವಾದ ಚಿನ್ನವೇ, ಆದರೆ ಅಷ್ಟು ಸಣ್ಣದಾದಾಗ ಅದರ ಬಣ್ಣ ದ್ರಾಕ್ಷಾರಸದ ಕೆಂಪು. ಈ ಕಣಗಳಿಗೆ ಎಚ್‌ಸಿಜಿಯನ್ನು ಹಿಡಿದುಕೊಳ್ಳುವ ಪ್ರೋಟೀನ್ ಅಂಟಿಸಿರುತ್ತಾರೆ. ಹಾರ್ಮೋನ್ ಇದ್ದರೆ ಕಣ ಅದನ್ನು ಹಿಡಿದು ಮುಂದೆ ಸಾಗುತ್ತದೆ. ಟಿ ಜಾಗದಲ್ಲಿ ಬಣ್ಣವಿಲ್ಲದ ಇನ್ನೊಂದು ಪ್ರೋಟೀನಿನ ಗೆರೆಯನ್ನು ಮೊದಲೇ ಎಳೆದಿರುತ್ತಾರೆ. ಅದು ಆ ಜೋಡಿಯನ್ನು ಅಲ್ಲೇ ತಡೆದು ನಿಲ್ಲಿಸುತ್ತದೆ. ಕೆಂಪು ಕಣಗಳು ಸಾಲಾಗಿ ಸೇರಿದಾಗ ನಮಗೆ ಗುಲಾಬಿ ಗೆರೆ ಕಾಣುತ್ತದೆ. ಉಳಿದ ಕಣಗಳು ಸಿ ಗೆರೆಯಲ್ಲಿ ನಿಲ್ಲುತ್ತವೆ. ಸಿ ಗೆರೆ ಬಂದರೆ ದ್ರವ ಸರಿಯಾಗಿ ಹರಿದಿದೆ ಅಂತ ಅರ್ಥ, ಅಷ್ಟೇ. ಅದು ಬಾರದಿದ್ದರೆ ಟಿ ಕಡೆ ಏನೇ ಕಂಡರೂ ಆ ಕಾರ್ಡ್ ಲೆಕ್ಕಕ್ಕಿಲ್ಲ.

ಟಿ ಜಾಗದಲ್ಲಿ ಹಾರ್ಮೋನ್ ಇರಲಿ, ಬಿಡಲಿ, ಒಂದು ಗೆರೆ ಮೊದಲಿನಿಂದಲೂ ಇದೆ ಅಲ್ವಾ? ಅನುಮಾನ ಹುಟ್ಟುವುದೇ ಇಲ್ಲಿ. ಮೂತ್ರ ಒಣಗುತ್ತಾ ಬಂದ ಹಾಗೆ ಆ ಪ್ರೋಟೀನಿನ ಗೆರೆಯ ಮೇಲೆ ಬೆಳಕು ಸುತ್ತಲಿನ ಬಿಳಿ ಪಟ್ಟಿಗಿಂತ ಬೇರೆ ಥರ ಬೀಳುತ್ತದೆ. ನೀರು ಆರಿ ಉಪ್ಪಿನಂಶ ಉಳಿಯುತ್ತದೆ. ಒಗೆದ ಬಟ್ಟೆ ಒಣಗಿದ ಮೇಲೆ ಬೆವರಿನ ಗೆರೆ ಎದ್ದು ಕಾಣುವ ಹಾಗೆ, ಬೂದು ಬಣ್ಣದ ನೆರಳಿನಂಥ ಗೆರೆ ಮೂಡುತ್ತದೆ. ಇದನ್ನೇ ಇವಾಪರೇಶನ್ ಲೈನ್ ಅನ್ನುತ್ತಾರೆ. ನಾನು ಒಣಗಿದ ಗೆರೆ ಅನ್ನುತ್ತೇನೆ. ಕೆಲವೊಮ್ಮೆ ತಡವಾಗಿ ಹರಿದ ಬಣ್ಣದ ಕಣಗಳು ಅಲ್ಲಿ ಸಿಕ್ಕಿಕೊಂಡು ಸ್ವಲ್ಪ ಗುಲಾಬಿಯಾಗಿಯೂ ಕಾಣಬಹುದು. ಹಾಗಾಗಿ ಹೊತ್ತು ಮೀರಿದ ಕಾರ್ಡಿನಲ್ಲಿ ಬಣ್ಣ ಕಂಡರೂ ಅದನ್ನು ನಂಬಬಾರದು.

ಹಂತ 1: ದಿನ ನೋಡಿಕೊಳ್ಳಿ

ಇಲ್ಲಿ ಸಿಗುವ ಬಹುತೇಕ ಕಾರ್ಡುಗಳು ಮೂತ್ರದಲ್ಲಿ ಎಚ್‌ಸಿಜಿ ಸುಮಾರು 25 ಯೂನಿಟ್ ದಾಟಿದ ಮೇಲೆ ಗೆರೆ ತೋರಿಸುತ್ತವೆ. ಮುಟ್ಟಿನ ದಿನ ಬರುವ ಮುಂಚೆ ಎಷ್ಟೋ ಜನರಲ್ಲಿ ಅಷ್ಟು ಇರುವುದಿಲ್ಲ. ಮುಟ್ಟಾಗಬೇಕಿದ್ದ ದಿನ ಕಳೆದ ಮೇಲೆ ಟೆಸ್ಟ್ ಮಾಡುವುದು ಸರಿ. ಮುಟ್ಟು ಏರುಪೇರಾಗುವವರು, ಪಿಸಿಓಡಿ ಇರುವವರು ದಿನ ಎಣಿಸಲು ಆಗುವುದಿಲ್ಲ. ಅಂಥವರು ಕೊನೆಯ ಬಾರಿ ಸೇರಿದ ದಿನದಿಂದ 21 ದಿನ ಬಿಟ್ಟು ಮಾಡಿ.

ತಂಗಿಯ ಕೊನೆಯ ಮುಟ್ಟು ಜೂನ್ 2ಕ್ಕೆ. ಅವಳದು 28 ದಿನದ ಲೆಕ್ಕ. ಜೂನ್ 30ಕ್ಕೆ ಮುಟ್ಟಾಗಬೇಕಿತ್ತು. ಅವಳು ಟೆಸ್ಟ್ ಮಾಡಿದ್ದು ಜೂನ್ 28ರ ರಾತ್ರಿ, ಅದೂ ಊಟಕ್ಕೆ ಎರಡು ಲೋಟ ಮಜ್ಜಿಗೆ ಕುಡಿದ ಮೇಲೆ. ಮೂತ್ರ ತೆಳುವಾಗಿತ್ತು, ದಿನವೂ ಮುಂಚೆಯೇ ಆಗಿತ್ತು. ಜುಲೈ 1ರ ಬೆಳಿಗ್ಗೆವರೆಗೆ ಕಾಯಲು ಹೇಳಿದೆ.

ಹಂತ 2: ಟೆಸ್ಟ್ ಸರಿಯಾಗಿ ಮಾಡಿ

ಹೊಸ ಕಾರ್ಡ್ ತನ್ನಿ. ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಆಶಾ ಕಾರ್ಯಕರ್ತೆಯರ ಹತ್ತಿರ ಸರ್ಕಾರದ ನಿಶ್ಚಯ್ ಕಿಟ್ ಉಚಿತವಾಗಿ ಸಿಗುತ್ತದೆ. ಅದೂ ಇದೇ ರೀತಿ ಕೆಲಸ ಮಾಡುವ ಕಾರ್ಡು, ಕಡಿಮೆ ಗುಣಮಟ್ಟದ್ದು ಅಂದುಕೊಳ್ಳಬೇಡಿ. ಪ್ಯಾಕೆಟ್ ಮೇಲೆ ಎಕ್ಸ್‌ಪೈರಿ ದಿನ ನೋಡಿ. ಸ್ಕೂಟಿಯ ಡಿಕ್ಕಿಯಲ್ಲಿ ಬಿಸಿಲಿಗೆ ಬೆಂದ ಕಾರ್ಡ್ ಬೇಡ, ಬಚ್ಚಲಿನ ತೇವದಲ್ಲಿ ತೆರೆದಿಟ್ಟದ್ದೂ ಬೇಡ. ಟೆಸ್ಟ್ ಮಾಡುವ ಹೊತ್ತಿಗೆ ಮಾತ್ರ ಪ್ಯಾಕೆಟ್ ಹರಿಯಿರಿ.

ಬೆಳಿಗ್ಗೆ ಎದ್ದ ಕೂಡಲೇ ಬರುವ ಮೂತ್ರ ಬಳಸಿ. ರಾತ್ರಿಯಿಡೀ ಸೇರಿರುವುದರಿಂದ ಅದು ಗಟ್ಟಿ. ಸೋಪಿನ ಅಂಶ ಇಲ್ಲದ, ಒಣಗಿದ ಲೋಟದಲ್ಲಿ ಹಿಡಿಯಿರಿ. ಕಾರ್ಡನ್ನು ಸಮತಟ್ಟಾದ ಜಾಗದಲ್ಲಿಡಿ. ಡ್ರಾಪರ್ ನೆಟ್ಟಗೆ ಹಿಡಿದು ಪ್ಯಾಕೆಟ್ ಹೇಳಿದಷ್ಟು ಹನಿ, ಸಾಮಾನ್ಯವಾಗಿ 2 ಅಥವಾ 3, ಒಂದೊಂದಾಗಿ ಬಾವಿಗೆ ಬಿಡಿ. ಗುಳ್ಳೆ ಬೇಡ. ಜಾಸ್ತಿ ಹಾಕಿದರೆ ಚೆನ್ನಾಗಿ ಬರುತ್ತದೆ ಅಂತ ಆರೇಳು ಹನಿ ಸುರಿಯುವವರಿದ್ದಾರೆ. ಹಾಗೆ ಮಾಡಿದರೆ ದ್ರವ ತುಂಬಿ ಕಾರ್ಡಿನ ಕಿಟಕಿಯಿಡೀ ಗುಲಾಬಿ ಕಲೆ ಉಳಿಯುತ್ತದೆ, ಗೆರೆ ಯಾವುದು, ಕಲೆ ಯಾವುದು ಗೊತ್ತಾಗುವುದಿಲ್ಲ.

ಹನಿ ಬಿಟ್ಟ ಅರ್ಧ ನಿಮಿಷದಲ್ಲಿ ಕಿಟಕಿಯ ಮೇಲೆ ಗುಲಾಬಿ ಬಣ್ಣ ಅಲೆಯ ಹಾಗೆ ಹಾದು ಹೋಗುವುದು ಕಾಣುತ್ತದೆ. ಆ ಅಲೆ ಟಿ ಜಾಗ ದಾಟುವಾಗ ಅಲ್ಲೊಂದು ಗೆರೆ ಬಂದಂತೆ ಅನಿಸಿ ಮಾಯವಾಗಬಹುದು. ಅದಕ್ಕೆ ಆಗಲೇ ಕೂಗಬೇಡಿ. ಫೋನಿನಲ್ಲಿ ಟೈಮರ್ ಹಾಕಿ.

ಹಂತ 3: ಹೊತ್ತಿಗೆ ಸರಿಯಾಗಿ ಓದಿ, ಫೋಟೊ ತೆಗೆಯಿರಿ

ಹೆಚ್ಚಿನ ಕಾರ್ಡುಗಳನ್ನು 5 ನಿಮಿಷಕ್ಕೆ ಓದಬೇಕು, 10 ನಿಮಿಷದ ಮೇಲೆ ಓದಬಾರದು. ಕೆಲವು 3 ನಿಮಿಷ ಅನ್ನುತ್ತವೆ. ನಿಮ್ಮ ಪ್ಯಾಕೆಟ್ಟಿನ ಮಾತೇ ಕೊನೆ. ಹೊತ್ತಿಗೆ ಸರಿಯಾಗಿ ಒಂದು ಫೋಟೊ ತೆಗೆದುಕೊಳ್ಳಿ, ಆಮೇಲೆ ಕಾರ್ಡನ್ನು ಕಸಕ್ಕೆ ಹಾಕಿ. ನಾಳೆ ಮತ್ತೆ ನೋಡಬೇಕು ಅನಿಸಿದರೆ ಫೋಟೊ ನೋಡಿ, ಕಾರ್ಡ್ ಬೇಡ.

ಕಿಟಕಿ ಬೆಳಕಿನಲ್ಲಿ ನೇರವಾಗಿ ಮೇಲಿನಿಂದ ನೋಡಿ. ಮೂರು ವಿಷಯ ಗಮನಿಸಿ. ಮೊದಲನೆಯದು ಬಣ್ಣ: ಗೆರೆಯಲ್ಲಿ ಸಿ ಗೆರೆಯದೇ ಗುಲಾಬಿ ಛಾಯೆ ಇದೆಯೇ? ಎಷ್ಟೇ ತೆಳುವಾಗಿದ್ದರೂ ಬಣ್ಣ ಇರಬೇಕು. ಬೂದು, ಬೆಳ್ಳಗಿನ ನೆರಳು ಆದರೆ ನಂಬಬೇಡಿ. ಎರಡನೆಯದು ಅಗಲ: ನಿಜವಾದ ಗೆರೆ ಸಿ ಗೆರೆಯಷ್ಟೇ ದಪ್ಪ ಇದ್ದು ಕಿಟಕಿಯ ಈ ಅಂಚಿನಿಂದ ಆ ಅಂಚಿಗೆ ಹೋಗುತ್ತದೆ. ಒಣಗಿದ ಗೆರೆ ಹೆಚ್ಚಾಗಿ ಕೂದಲೆಳೆಯ ಹಾಗೆ ಸಣ್ಣದು ಅಥವಾ ಅರ್ಧಕ್ಕೇ ನಿಂತಿರುತ್ತದೆ. ಮೂರನೆಯದು ಓರೆಯಾಗಿ ಹಿಡಿದಾಗ ಮಾತ್ರ ಕಾಣುವುದೇ ಅನ್ನುವುದು. ಹಾಗಿದ್ದರೆ ಅದು ಪಟ್ಟಿಯ ಮೇಲಿನ ಪ್ರೋಟೀನ್ ಗೆರೆಯ ಗುರುತು ಇರಬಹುದು, ಬಣ್ಣ ಅಲ್ಲ.

ಕಾರ್ಡಿನ ಪ್ಲಾಸ್ಟಿಕ್ ಬಿಚ್ಚಿ ಒಳಗಿನ ಪಟ್ಟಿ ತೆಗೆದು ನೋಡಬೇಡಿ. ಫೋಟೊದ ಬಣ್ಣ ಉಲ್ಟಾ ಮಾಡಿ, ಕಾಂಟ್ರಾಸ್ಟ್ ಏರಿಸಿ ಹುಡುಕಬೇಡಿ. ಅಷ್ಟು ಎಳೆದರೆ ಯಾವ ಖಾಲಿ ಕಾರ್ಡಿನಲ್ಲೂ ಗೆರೆ ಸಿಗುತ್ತದೆ. ಹೊರದೇಶದಲ್ಲಿರುವ ನಮ್ಮವರಿಗೆ ಇನ್ನೊಂದು ಮಾತು: ಅಲ್ಲಿ ನೀಲಿ ಬಣ್ಣದ ಟೆಸ್ಟುಗಳೂ ಸಿಗುತ್ತವೆ. ನೀಲಿಯಲ್ಲಿ ಒಣಗಿದ ನೆರಳಿಗೂ ನಿಜವಾದ ತೆಳು ಗೆರೆಗೂ ವ್ಯತ್ಯಾಸ ತಿಳಿಯುವುದು ಇನ್ನೂ ಕಷ್ಟ. ಅನುಮಾನ ಬಂದರೆ ಗುಲಾಬಿ ಬಣ್ಣದ್ದರಲ್ಲಿ ಮತ್ತೆ ಮಾಡಿ.

ಉಪ್ಪು, ಸಕ್ಕರೆ, ಟೂತ್‌ಪೇಸ್ಟ್ ಹಾಕಿ ನೋಡುವ ಮನೆ ಟೆಸ್ಟುಗಳಿಂದ ಏನೂ ತಿಳಿಯುವುದಿಲ್ಲ. ಅವುಗಳಿಗೆ ಎಚ್‌ಸಿಜಿಯನ್ನು ಗುರುತಿಸುವ ಶಕ್ತಿಯೇ ಇಲ್ಲ.

ಹೊತ್ತಿನೊಳಗೆ ತೆಳು ಗುಲಾಬಿ ಗೆರೆ ಬಂದರೆ

ಜುಲೈ 1ರ ಬೆಳಿಗ್ಗೆ ತಂಗಿ ಟೈಮರ್ ಹಾಕಿ ಮಾಡಿದಳು. ನಾಲ್ಕನೇ ನಿಮಿಷಕ್ಕೆ ಟಿ ಹತ್ತಿರ ತೆಳುವಾದ ಗೆರೆ ಬಂತು. ಈ ಸಲದ ಫೋಟೊದಲ್ಲಿ ಬಣ್ಣ ಇತ್ತು. ಹಳೇ ರವಿಕೆಯ ಮಾಸಿದ ಗುಲಾಬಿಯಷ್ಟು. ಆದರೆ ಅಂಚಿನಿಂದ ಅಂಚಿಗೆ, ಸಿ ಗೆರೆಯಷ್ಟೇ ಅಗಲ. ಇದು ಒಣಗಿದ ಗೆರೆಯಲ್ಲ. ಹೊತ್ತಿನೊಳಗೆ ಬಣ್ಣದ ಗೆರೆ ಬಂದರೆ, ಎಷ್ಟೇ ಮಸುಕಾಗಿದ್ದರೂ, ಮೂತ್ರದಲ್ಲಿ ಎಚ್‌ಸಿಜಿ ಇದೆ ಅಂತ ಹೆಚ್ಚುಕಮ್ಮಿ ಖಚಿತ.

ಆದರೆ ಎಚ್‌ಸಿಜಿ ಇದೆ ಅಂದ ಮಾತ್ರಕ್ಕೆ ಗರ್ಭ ಚೆನ್ನಾಗಿ ಬೆಳೆಯುತ್ತಿದೆ ಅಂತ ಅಲ್ಲ. ಬಹಳ ಸಲ ದಿನ ಇನ್ನೂ ಕಡಿಮೆ ಆಗಿರುವುದರಿಂದ ಗೆರೆ ತೆಳುವಾಗಿರುತ್ತದೆ. ಕೆಲವು ಸಲ ಗರ್ಭ ಅಂಟಿಕೊಂಡು ಕೆಲವೇ ದಿನಕ್ಕೆ ನಿಂತುಹೋಗಿರುತ್ತದೆ. ಆಗ ತೆಳು ಗೆರೆ ಬಂದು, ವಾರದೊಳಗೆ ಮುಟ್ಟಾಗಿ, ಗೆರೆ ಮಾಯವಾಗುತ್ತದೆ. ಇದಕ್ಕೆ ಕೆಮಿಕಲ್ ಪ್ರೆಗ್ನೆನ್ಸಿ ಅನ್ನುತ್ತಾರೆ. ಅದು ನೀವು ಭಾರ ಎತ್ತಿದ್ದರಿಂದ, ಪಪ್ಪಾಯಿ ತಿಂದದ್ದರಿಂದ ಆದದ್ದಲ್ಲ. ಇನ್ನು ಕೆಲವು ಸಲ ಗರ್ಭ ಗರ್ಭಕೋಶಕ್ಕೆ ಬರದೆ ಅಂಡನಾಳದಲ್ಲೇ ಕೂತಿರುತ್ತದೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಹೊಸ ಗರ್ಭ ಇಲ್ಲದೆಯೂ ಎಚ್‌ಸಿಜಿ ಇರುವುದುಂಟು. ಇತ್ತೀಚೆಗೆ ಹೆರಿಗೆ ಅಥವಾ ಗರ್ಭಪಾತ ಆಗಿದ್ದರೆ ಅದು ಪೂರ್ತಿ ಇಳಿಯಲು ಕೆಲವು ವಾರ ಬೇಕು. ಮಕ್ಕಳಾಗಲು ಚಿಕಿತ್ಸೆ ಪಡೆಯುವವರಿಗೆ ಅಂಡ ಬಿಡುಗಡೆಗೆ ಕೊಡುವ ಎಚ್‌ಸಿಜಿ ಇಂಜೆಕ್ಷನ್ ಸುಮಾರು ಎರಡು ವಾರದವರೆಗೂ ಗೆರೆ ತೋರಿಸಬಲ್ಲದು. ಅವರು ಡಾಕ್ಟರ್ ಹೇಳಿದ ದಿನಕ್ಕೇ ಮಾಡಬೇಕು. ಆಂಟಿಬಯಾಟಿಕ್, ಗರ್ಭನಿರೋಧಕ ಮಾತ್ರೆ ಇವುಗಳಿಂದ ಸುಳ್ಳು ಗೆರೆ ಬರುವುದಿಲ್ಲ.

ಹಂತ 4: 48 ಗಂಟೆ ಬಿಟ್ಟು ಮತ್ತೆ, ಅಥವಾ ರಕ್ತ ಪರೀಕ್ಷೆ

ನೋವು, ರಕ್ತಸ್ರಾವ ಇಲ್ಲದಿದ್ದರೆ ಎರಡು ದಿನ ಬಿಟ್ಟು ಬೆಳಗಿನ ಮೂತ್ರದಲ್ಲಿ ಅದೇ ಕಂಪನಿಯ ಕಾರ್ಡಿನಲ್ಲಿ ಮತ್ತೆ ಮಾಡಿ. ಮೊದಲ ದಿನಗಳಲ್ಲಿ ಎಚ್‌ಸಿಜಿ ಎರಡು ಮೂರು ದಿನಕ್ಕೊಮ್ಮೆ ಇಮ್ಮಡಿಯಾಗುವುದರಿಂದ ವ್ಯತ್ಯಾಸ ಸಾಮಾನ್ಯವಾಗಿ ಕಣ್ಣಿಗೇ ಕಾಣುತ್ತದೆ. ಆದರೆ ದಿನಕ್ಕೊಂದು ಕಾರ್ಡ್ ಹಾಕಿ ಸಾಲಾಗಿ ಜೋಡಿಸಿ ಬಣ್ಣ ಹೋಲಿಸುತ್ತಾ ಕೂರಬೇಡಿ. ಮೂತ್ರ ಗಟ್ಟಿಯೋ ತೆಳುವೋ ಅನ್ನುವುದರ ಮೇಲೂ ಬಣ್ಣ ಬದಲಾಗುತ್ತದೆ. ಹಿಂದಿನ ದಿನಕ್ಕಿಂತ ಮಸುಕು ಕಂಡು ಅತ್ತವರನ್ನು ನೋಡಿದ್ದೇನೆ. ಆಮೇಲೆ ಅವರ ರಿಪೋರ್ಟ್ ಸರಿಯಾಗಿಯೇ ಬಂತು.

ಅಂಕಿಯೇ ಬೇಕು ಅಂದರೆ ರಕ್ತ ಪರೀಕ್ಷೆ. ಲ್ಯಾಬಿನಲ್ಲಿ "ಬೀಟಾ ಎಚ್‌ಸಿಜಿ, ಸಂಖ್ಯೆ ಬರುವಂಥದ್ದು" ಅಂತ ಬಿಡಿಸಿ ಹೇಳಿ. ಸುಮ್ನೆ ಪ್ರೆಗ್ನೆನ್ಸಿ ಟೆಸ್ಟ್ ಅಂದರೆ ಎಷ್ಟೋ ಕಡೆ ಮತ್ತೆ ಮೂತ್ರದ ಕಾರ್ಡನ್ನೇ ಹಾಕುತ್ತಾರೆ. ಖಾಲಿ ಹೊಟ್ಟೆ ಬೇಕಿಲ್ಲ. ಕೂದಲು ಉದುರುವುದಕ್ಕೆ ಬಯೋಟಿನ್ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ತಿಳಿಸಿ, ಕೆಲವು ಯಂತ್ರಗಳಲ್ಲಿ ಅದು ಅಂಕಿಯನ್ನು ಕಡಿಮೆ ತೋರಿಸಬಹುದು.

ರಿಪೋರ್ಟಿನಲ್ಲಿ 5ಕ್ಕಿಂತ ಕಡಿಮೆ ಇದ್ದರೆ ಗರ್ಭ ಇಲ್ಲ ಅಂತ ಎಣಿಸುತ್ತಾರೆ. 25ಕ್ಕಿಂತ ಜಾಸ್ತಿ ಇದ್ದರೆ ಇದೆ ಅಂತ. ನಡುವೆ ಇದ್ದರೆ ಮತ್ತೆ ಪರೀಕ್ಷೆ ಬೇಕೇ ಬೇಕು. ಒಂದೇ ಅಂಕಿಯಿಂದ ಗರ್ಭ ಹೇಗಿದೆ ಅಂತ ಹೇಳಲು ಆಗುವುದಿಲ್ಲ. 48 ಗಂಟೆ ಬಿಟ್ಟು, ಅದೇ ಲ್ಯಾಬಿನಲ್ಲಿ ಎರಡನೇ ಸಲ ರಕ್ತ ಕೊಡಬೇಕು. ಬೇರೆ ಲ್ಯಾಬಿನ ಯಂತ್ರ ಬೇರೆ ಅಂಕಿ ಕೊಡಬಹುದು.

ತಂಗಿಯ ಮೊದಲ ಅಂಕಿ ಜುಲೈ 2ಕ್ಕೆ 64. ಜುಲೈ 4ಕ್ಕೆ, ಅದೇ ಹೊತ್ತಿಗೆ, 142. ಅಂದರೆ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಅಂಕಿ 1500ಕ್ಕಿಂತ ಕಡಿಮೆ ಇರುವ ಹಂತದಲ್ಲಿ 48 ಗಂಟೆಗೆ ಸುಮಾರು ಅರ್ಧದಷ್ಟಾದರೂ ಏರಬೇಕು ಅನ್ನುವುದು ಡಾಕ್ಟರುಗಳು ನೋಡುವ ಕನಿಷ್ಠ. ಅವಳ 64 ಕಡೇಪಕ್ಷ 96ರ ಹತ್ತಿರ ಬರಬೇಕಿತ್ತು. ಅದನ್ನು ಆರಾಮಾಗಿ ದಾಟಿತ್ತು.

ಈಗ ಇದೇ ಲೆಕ್ಕವನ್ನು ಹಿಂದಕ್ಕೆ ತಿರುಗಿಸಿ ನೋಡಿ. ಎರಡು ದಿನಕ್ಕೆ ಎರಡು ಪಟ್ಟು ಏರಿದ್ದರೆ, ಅವಳು ಮೊದಲ ಕಾರ್ಡ್ ಹಾಕಿದ ಜೂನ್ 28ರ ರಾತ್ರಿ ರಕ್ತದಲ್ಲಿ ಇದ್ದದ್ದು 16ರ ಸುಮಾರು. ಕಾರ್ಡಿಗೆ ಬೇಕಾದ 25ಕ್ಕಿಂತ ಕಡಿಮೆ. ಐದು ನಿಮಿಷಕ್ಕೆ ಒಂದೇ ಗೆರೆ ಬಂದದ್ದು ಅದಕ್ಕೇ. ಆ ರಾತ್ರಿಯೇ ಅವಳು ಗರ್ಭಿಣಿ. ಆದರೂ ಬೆಳಿಗ್ಗೆ ಕಂಡ ಬೂದು ಗೆರೆ ಅದರ ಸಾಕ್ಷಿಯಲ್ಲ. ಅದೇ ಗೆರೆ ಗರ್ಭ ಇಲ್ಲದವರ ಕಾರ್ಡಿನಲ್ಲೂ ಬರುತ್ತದೆ. "ನೋಡಿದ್ಯಾ, ನಾನು ಹೇಳಿರಲಿಲ್ವಾ" ಅಂತ ಅವಳು ಈಗಲೂ ವಾದ ಮಾಡುತ್ತಾಳೆ. ಪಕ್ಕದ ಮನೆಯವರೊಬ್ಬರು ಇಂಥದ್ದೇ ಗೆರೆ ನೋಡಿ ಊರಿಗೆಲ್ಲ ಫೋನ್ ಮಾಡಿ, ನಾಲ್ಕನೇ ದಿನ ಮುಟ್ಟಾಗಿ ಕುಗ್ಗಿಹೋದದ್ದನ್ನೂ ನಾನು ನೋಡಿದ್ದೇನೆ. ಅವರ ರಕ್ತದಲ್ಲಿ ಎಚ್‌ಸಿಜಿ 2ಕ್ಕಿಂತ ಕಡಿಮೆ ಇತ್ತು.

ಕಾಯಬಾರದ ಸಂದರ್ಭ

ಗರ್ಭ ನಾಳದಲ್ಲಿ ಕೂತಾಗ ಅಂಕಿ ಹೆಚ್ಚಾಗಿ ನಿಧಾನಕ್ಕೆ ಏರುತ್ತದೆ, ಗೆರೆ ವಾರ ಕಳೆದರೂ ಮಸುಕಾಗಿಯೇ ಉಳಿಯಬಹುದು. ಆದರೆ ಕೆಲವರಲ್ಲಿ ಸರಿಯಾಗಿಯೇ ಏರುತ್ತದೆ, ಹಾಗಾಗಿ ಅಂಕಿ ನೋಡಿ ನಿರಾಳವಾಗಬೇಡಿ. ಗೆರೆ ಬಂದ ಮೇಲೆ ಹೊಟ್ಟೆಯ ಕೆಳಗೆ ಒಂದೇ ಕಡೆ ಜೋರು ನೋವು, ರಕ್ತಸ್ರಾವ, ತಲೆಸುತ್ತು, ಕಣ್ಣು ಕತ್ತಲೆ ಬರುವುದು, ಭುಜದ ತುದಿಯಲ್ಲಿ ನೋವು: ಇವುಗಳಲ್ಲಿ ಯಾವುದಿದ್ದರೂ ಆ ಗಂಟೆಯೇ ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೆ ಹೋಗಿ. ಭುಜದ ನೋವು ಯಾಕೆ ಅಂದರೆ ನಾಳ ಒಡೆದು ಹೊಟ್ಟೆಯೊಳಗೆ ಸೋರಿದ ರಕ್ತ ವಪೆಯನ್ನು ತಾಗಿದಾಗ ಆ ನೋವು ಭುಜದಲ್ಲಿ ಗೊತ್ತಾಗುತ್ತದೆ. ಗ್ಯಾಸ್ ಅಂತ ಮಾತ್ರೆ ನುಂಗಿ ಮಲಗಬೇಡಿ. ರಾತ್ರಿಯಾದರೆ 108ಕ್ಕೆ ಕರೆ ಮಾಡಿ.

ಅನುಮಾನದ ಗೆರೆ ಇರುವಾಗ ಮುಟ್ಟು ಬರಿಸುವ ಮಾತ್ರೆಯನ್ನು ನೀವೇ ತಂದು ತಗೊಳ್ಳಬೇಡಿ. ಗರ್ಭ ಬೇಡ ಅಂದುಕೊಂಡವರೂ ಅಂಗಡಿಯಿಂದ ಗರ್ಭಪಾತದ ಕಿಟ್ ತಂದು ನುಂಗಬಾರದು. ಗರ್ಭ ನಾಳದಲ್ಲಿದ್ದರೆ ಆ ಮಾತ್ರೆ ಅದನ್ನು ತೆಗೆಯುವುದಿಲ್ಲ. ಆದರೂ ರಕ್ತ ಹೋಗುವುದರಿಂದ ಎಲ್ಲ ಮುಗಿಯಿತು ಅಂದುಕೊಂಡು ಬಿಡುತ್ತಾರೆ. ಗರ್ಭ ಎಲ್ಲಿದೆ ಅಂತ ಡಾಕ್ಟರ್ ನೋಡಿದ ಮೇಲೆ ಮುಂದಿನದು. ಬೇಕು ಅನ್ನುವವರು ಫೋಲಿಕ್ ಆಸಿಡ್ ಮಾತ್ರೆಯನ್ನು ರಿಪೋರ್ಟಿಗೆ ಕಾಯದೆ ಶುರು ಮಾಡಬಹುದು. ಗೆರೆ ಒಣಗಿದ್ದೇ ಆಗಿದ್ದರೂ ಅದರಿಂದ ತೊಂದರೆಯಿಲ್ಲ.

ಎರಡು ಮೂರು ತಿಂಗಳು ಮುಟ್ಟು ನಿಂತ ಮೇಲೆ ಮೊದಲ ಸಲ ಕಾರ್ಡ್ ಹಾಕಿ ತೆಳು ಗೆರೆ ನೋಡಿ "ಈಗಷ್ಟೇ ಆಗಿರಬೇಕು" ಅನ್ನುವವರೂ ಬರುತ್ತಾರೆ. ಆ ಹಂತದಲ್ಲಿ ಹಾರ್ಮೋನ್ ಎಷ್ಟು ಜಾಸ್ತಿ ಇರುತ್ತದೆ ಅಂದರೆ ಕಣಗಳ ಮೇಲೂ ಟಿ ಗೆರೆಯ ಮೇಲೂ ಬೇರೆ ಬೇರೆಯಾಗಿ ತುಂಬಿಕೊಂಡು, ಜೋಡಿ ಕೂಡಲು ಜಾಗವೇ ಇಲ್ಲದ ಹಾಗಾಗಿ ಗೆರೆ ಮಸುಕಾಗಬಹುದು. ಅಂಥವರಿಗೆ ಕಾರ್ಡಿಗಿಂತ ನೇರ ಸ್ಕ್ಯಾನಿಂಗ್ ಒಳ್ಳೆಯದು.

ಹಂತ 5: ಸ್ಕ್ಯಾನಿಂಗ್

ಅಂಕಿ ಸರಿಯಾಗಿ ಏರಿದ ಮಾರನೇ ದಿನವೇ ಸ್ಕ್ಯಾನಿಂಗಿಗೆ ಓಡಿದರೆ ಏನೂ ಕಾಣದೆ ಹೊಸ ಭಯ ಹುಟ್ಟುತ್ತದೆ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿ ಸುಮಾರು 5 ವಾರಕ್ಕೆ ಒಳಗಿನಿಂದ ಮಾಡುವ ಸ್ಕ್ಯಾನಿಂಗಿನಲ್ಲಿ ಗರ್ಭದ ಚೀಲ ಕಾಣಲು ಶುರುವಾಗುತ್ತದೆ. ಹೃದಯ ಬಡಿತ ಕಾಣಲು 6ರಿಂದ 7 ವಾರ ಬೇಕು. ಹೋಗುವಾಗ ಕೊನೆಯ ಮುಟ್ಟಿನ ದಿನಾಂಕ, ಎರಡೂ ಬೀಟಾ ರಿಪೋರ್ಟ್, ನಿಮ್ಮ ಗುರುತಿನ ಚೀಟಿ ತಗೊಂಡು ಹೋಗಿ.

ತಂಗಿಗೆ ಜುಲೈ 18ಕ್ಕೆ ಬರೆದುಕೊಟ್ಟಿದ್ದರು. ಆ ದಿನಕ್ಕೆ ಅವಳಿಗೆ ಆರು ವಾರ ನಾಲ್ಕು ದಿನ. ಕತ್ತಲೆ ರೂಮಿನಲ್ಲಿ ಡಾಕ್ಟರ್ ಪರದೆ ತಿರುಗಿಸಿ ತೋರಿಸಿದರು. ಗರ್ಭಕೋಶದ ಒಳಗೇ ಚೀಲ, ಚೀಲದೊಳಗೆ ಅಕ್ಕಿಕಾಳಿನಷ್ಟು ಒಂದು ಬಿಳಿ ಚುಕ್ಕೆ, ಅದರ ನಡುವೆ ಪಟಪಟ ಅನ್ನುವ ಬಡಿತ. ತಂಗಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, "ಇದೆ ಅಲ್ವಾ ಅಕ್ಕ?" ಅಂದಳು. ಇದೆ ಅಂದೆ.